ಒಂದೇ ಮಾಡೆಲ್, ಮೂರು ಕಾರು, ಮೂರು ಬೆಲೆ: ಯಾವುದು ನ್ಯಾಯವಾದ ರೇಟು?

ಕಳೆದ ನವೆಂಬರಿನಲ್ಲಿ ನಮ್ಮ ಭಾವನಿಗೆ ಸೆಕೆಂಡ್ ಹ್ಯಾಂಡ್ ಕಾರು ಬೇಕಾಯಿತು. ಮೈಸೂರಿನ ಮನೆಯಿಂದ ನಂಜನಗೂಡಿನ ಕೆಲಸಕ್ಕೆ ದಿನಾ ಹೋಗಿ ಬರೋದಕ್ಕೆ. ಕೈಯಲ್ಲಿ ಐದು ಲಕ್ಷ ಇತ್ತು. ಸ್ವಿಫ್ಟ್, ಪೆಟ್ರೋಲ್, ವಿಎಕ್ಸ್‌ಐ, ಕೈಗೇರು ಅಂತ ಮೊದಲೇ ತೀರ್ಮಾನ ಮಾಡಿದ್ದರು. ಅದು ಒಳ್ಳೆಯದೇ ಆಯಿತು. ಮಾಡೆಲ್ ಬಗ್ಗೆ ಚರ್ಚೆ ಇಲ್ಲದಿದ್ದರೆ ತಲೆ ಪೂರ್ತಿ ಬೆಲೆಯ ಕಡೆಗೆ ಇರುತ್ತದೆ.

ಎರಡು ವಾರ ಹುಡುಕಿ ಮೂರು ಕಾರು ಉಳಿಸಿಕೊಂಡೆವು. ಒಂದು ಬೆಂಗಳೂರು ಜಯನಗರದ ಕೆಎ-05, ಬ್ರೋಕರ್ ಕೈಯಲ್ಲಿತ್ತು. "2019 ಮಾಡೆಲ್ ಸಾರ್, ಸೆಕೆಂಡ್ ಓನರ್, ಬರೀ 48 ಸಾವಿರ ಓಡಿದೆ." ಕೇಳಿದ್ದು 5 ಲಕ್ಷ 10 ಸಾವಿರ. ಇನ್ನೊಂದು ಮೈಸೂರಿನದೇ ಕೆಎ-09, 2018ರದು, ಒಬ್ಬರೇ ಓನರ್, ರಿಟೈರ್ ಆದ ಬ್ಯಾಂಕಿನವರು. 72 ಸಾವಿರ ಕಿಲೋಮೀಟರ್, 4 ಲಕ್ಷ 90 ಸಾವಿರ. ಮೂರನೆಯದು ಉಡುಪಿಯ ಕೆಎ-20, 2019ರದು, ಮೂರನೇ ಓನರ್, 41 ಸಾವಿರ ಕಿಲೋಮೀಟರ್, 4 ಲಕ್ಷ 35 ಸಾವಿರ.

ಭಾವನ ಕಣ್ಣು ಉಡುಪಿ ಕಾರಿನ ಮೇಲೆ. ಕಡಿಮೆ ಓಡಿದೆ, ವರ್ಷವೂ ಹೊಸದು, ದುಡ್ಡೂ ಕಡಿಮೆ. ಅಕ್ಕನಿಗೆ ಜಯನಗರದ್ದು ಇಷ್ಟ, ಬಣ್ಣ ಚೆನ್ನಾಗಿತ್ತು. ಮೈಸೂರಿನ ಕಾರು ಯಾರಿಗೂ ಬೇಡ. 72 ಸಾವಿರ ಅನ್ನೋ ಅಂಕಿ ನೋಡಿಯೇ ಮುಖ ಸೊಟ್ಟ.

ಮೊದಲು ಒಂದು ಬುಡದ ಬೆಲೆ ಬೇಕು

ಕಾರು ನೋಡೋದಕ್ಕೆ ಮೊದಲು ಒಂದು ಸಂಜೆ ಜಾಹೀರಾತುಗಳನ್ನು ಮಾತ್ರ ನೋಡಿ. ಓಎಲ್‌ಎಕ್ಸ್, ಕಾರ್‌ವಾಲೆ, ಕಾರ್‌ದೇಖೋ, ಎಲ್ಲಾದರೂ ಸರಿ. ಒಂದು ನಿಯಮ ಇಟ್ಟುಕೊಳ್ಳಿ: ಅದೇ ಮಾಡೆಲ್, ಅದೇ ವೇರಿಯಂಟ್, ಅದೇ ಇಂಧನ, ವರ್ಷ ಒಂದು ಆಚೀಚೆ, ಊರು ನೀವು ನಿಜಕ್ಕೂ ಹೋಗಿ ನೋಡಬಹುದಾದಷ್ಟು ಹತ್ತಿರ. ಝಡ್‌ಎಕ್ಸ್‌ಐ ಬೆಲೆ ನೋಡಿ ವಿಎಕ್ಸ್‌ಐಗೆ ಲೆಕ್ಕ ಹಾಕಬೇಡಿ. ದೆಹಲಿಯ ಬೆಲೆ ನೋಡಿ ಮೈಸೂರಿಗೆ ಹಾಕಲೇಬೇಡಿ. ಅಲ್ಲಿ ಹಳೇ ಡೀಸೆಲ್ ಮತ್ತು ಪೆಟ್ರೋಲ್ ಗಾಡಿಗಳ ಮೇಲೆ ಕಟ್ಟುಪಾಡು ಇರುವುದರಿಂದ ಹಳೇ ಗಾಡಿಯ ರೇಟು ಬೇರೆಯೇ. ಜೊತೆಗೆ ಹೊರ ರಾಜ್ಯದ ಗಾಡಿಯನ್ನು ಇಲ್ಲಿ ನೋಂದಾಯಿಸಲು ಮತ್ತೆ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ಕರ್ನಾಟಕದ ಟ್ಯಾಕ್ಸ್ ಎಷ್ಟು ಅಂತ ನಿಮಗೇ ಗೊತ್ತಲ್ಲ.

ನಮಗೆ ಮೊದಲ ಹುಡುಕಾಟದಲ್ಲಿ 14 ಜಾಹೀರಾತು ಸಿಕ್ಕವು. ಅವುಗಳಲ್ಲಿ ಒಂದೇ ಕಾರನ್ನು ಮೂವರು ಬ್ರೋಕರ್‌ಗಳು ಮೂರು ಬೆಲೆಗೆ ಹಾಕಿದ್ದರು. ಫೋಟೋದಲ್ಲಿ ಹಿಂದೆ ಕಾಣುವ ಹಸಿರು ಗೇಟು ಮೂರರಲ್ಲೂ ಒಂದೇ. ಅದನ್ನು ಒಂದು ಅಂತ ಎಣಿಸಿದೆವು. ಎರಡು ಜಾಹೀರಾತು ಸೆಪ್ಟೆಂಬರ್ ಮೊದಲಿನವು, ಅವನ್ನೂ ತೆಗೆದೆವು. ಕಾರಣ ಇದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 18 ಪರ್ಸೆಂಟಿಗೆ ಇಳಿಯಿತು, ಹೊಸ ಸ್ವಿಫ್ಟ್ ಬೆಲೆಯೂ ಇಳಿಯಿತು. ಹೊಸದರ ಬೆಲೆ ಇಳಿದರೆ ಹಳೆಯದರದ್ದೂ ಇಳಿಯಬೇಕು. ಆದರೆ ಹಳೇ ಜಾಹೀರಾತು ತಾನಾಗಿ ಇಳಿಯುವುದಿಲ್ಲ. ಮಾರುವವರ ತಲೆಯಲ್ಲಿ ಆಗಸ್ಟ್ ತಿಂಗಳ ರೇಟೇ ಕೂತಿರುತ್ತದೆ. ದೊಡ್ಡ ಕಂಪನಿಗಳ ಎರಡು ಕಾರುಗಳನ್ನೂ ಬದಿಗಿಟ್ಟೆವು. ಅವರ ಬೆಲೆಯಲ್ಲಿ ವಾರಂಟಿ, ಅವರ ಲಾಭ, ಆ ಲಾಭದ ಮೇಲಿನ ಜಿಎಸ್‌ಟಿ ಎಲ್ಲಾ ಸೇರಿರುತ್ತದೆ.

ಉಳಿದದ್ದು ಎಂಟು. ನಮ್ಮ ಮೂರೂ ಅದರಲ್ಲೇ ಸೇರಿವೆ. ಸಾಲಾಗಿ ಬರೆದರೆ ಹೀಗೆ, ಲಕ್ಷದಲ್ಲಿ: 4.35, 4.55, 4.65, 4.75, 4.85, 4.90, 5.10, 5.45.

ಸರಾಸರಿ ತೆಗೆಯಬೇಡಿ. 5.45 ಕೇಳಿದವರಿಗೆ ಕಾರು ಮಾರುವ ಉದ್ದೇಶ ಇದೆಯೋ ಇಲ್ಲವೋ ಗೊತ್ತಿಲ್ಲ, ಅವರೊಬ್ಬರೇ ಸರಾಸರಿಯನ್ನು ಮೇಲಕ್ಕೆ ಎಳೆಯುತ್ತಾರೆ. ನಡುವಿನ ಎರಡನ್ನು ನೋಡಿ, 4.75 ಮತ್ತು 4.85. ಅಂದರೆ ಮಧ್ಯದ ಬೆಲೆ 4.80. ಆದರೆ ಇದು ಕೇಳುವ ಬೆಲೆ, ಕೊಡುವ ಬೆಲೆ ಅಲ್ಲ. ಮಾರಿದ ಮೇಲೆ ಎಷ್ಟಕ್ಕೆ ಹೋಯಿತು ಅಂತ ಯಾವ ಜಾಹೀರಾತೂ ಹೇಳುವುದಿಲ್ಲ. ಐದು ಲಕ್ಷದ ಆಸುಪಾಸಿನ ಕಾರಿನಲ್ಲಿ ಮಾತಾಡಿದರೆ 20 ಸಾವಿರ ಇಳಿಯುವುದು ಸಾಮಾನ್ಯ. ಹಾಗಾಗಿ ನಮ್ಮ ಬುಡದ ಬೆಲೆ 4.60 ಅಂತ ಇಟ್ಟುಕೊಂಡೆವು.

ಇದು ಸರಿಯೋ ತಪ್ಪೋ ಅಂತ ನೋಡಲು ಒಂದು ಸುಲಭ ದಾರಿ ಇದೆ. ಹಳೇ ಕಾರು ಕೊಳ್ಳುವ ಕಂಪನಿಗಳ ತಾಣದಲ್ಲಿ ನೀವು ಮಾರುವವರ ಹಾಗೆ ವರ್ಷ, ವೇರಿಯಂಟ್, ಕಿಲೋಮೀಟರ್ ಕೊಟ್ಟು ನೋಡಿ. ಅವರು ತೋರಿಸುವ ಅಂದಾಜು ಬೆಲೆ ನೆಲ. ಅದೇ ಥರದ ಕಾರನ್ನು ಅವರೇ ವಾರಂಟಿ ಜೊತೆ ಮಾರುವ ಬೆಲೆ ಛಾವಣಿ. ನಮಗೆ ಸಿಕ್ಕ ನೆಲ 4.10ರ ಹತ್ತಿರ, ಛಾವಣಿ 5.20. ಒಬ್ಬರಿಂದ ಒಬ್ಬರು ನೇರವಾಗಿ ಕೊಳ್ಳುವ ಬೆಲೆ ಇವೆರಡರ ನಡುವೆ ಬೀಳಬೇಕು. 4.60 ಸರಿಯಾಗಿಯೇ ಬಿತ್ತು.

ಇನ್ನೂ ಒಂದು ಛಾವಣಿ ಇದೆ, ಹೊಸ ಕಾರು. ಆಗ ಹೊಸ ವಿಎಕ್ಸ್‌ಐ ಎಕ್ಸ್ ಶೋರೂಂ ಆರೂವರೆ ಲಕ್ಷದ ಆಸುಪಾಸು. ಐದರಿಂದ ಹತ್ತು ಲಕ್ಷದ ಕಾರಿಗೆ ಇಲ್ಲಿ 14 ಪರ್ಸೆಂಟ್ ಟ್ಯಾಕ್ಸ್, ಅದರ ಮೇಲೆ ಸೆಸ್, ಇನ್ಶೂರೆನ್ಸ್ ಸೇರಿ ಆನ್ ರೋಡ್ ಎಂಟು ಲಕ್ಷದ ಹತ್ತಿರ ಹೋಗುತ್ತದೆ. ಏಳು ವರ್ಷದ ಕಾರಿಗೆ ಐದೂವರೆ ಕೊಡುವ ಮೊದಲು ಆ ಎಂಟು ಲಕ್ಷವನ್ನು ನೆನಪಿಸಿಕೊಳ್ಳಿ. ನಾಲ್ಕು ವರ್ಷದ ಕಾರು ಏನು ರೇಟಿಗಿದೆ ಅಂತಲೂ ಒಮ್ಮೆ ನೋಡಿ.

ಈ 4.60 ಯಾವ ಕಾರಿನ ಬೆಲೆ ಅಂತ ಬರೆದಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಮುಂದೆ ಗೊಂದಲ. ನಮ್ಮ ಲೆಕ್ಕದಲ್ಲಿ ಅದು ಏಳು ವರ್ಷದ, 60-65 ಸಾವಿರ ಓಡಿದ, ಒಂದೋ ಎರಡೋ ಓನರ್ ಕಂಡ, ಸದ್ಯಕ್ಕೆ ದೊಡ್ಡ ಖರ್ಚು ಇಲ್ಲದ ಕಾರಿನ ಬೆಲೆ. ಇನ್ನು ಪ್ರತಿ ಕಾರೂ ಇದಕ್ಕಿಂತ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಅಂತ ರೂಪಾಯಿಯಲ್ಲಿ ಬರೆಯೋದೇ ಕೆಲಸ.

ವಯಸ್ಸು: ಯಾರು ಹೇಳಿದ್ದು 2019 ಅಂತ?

ಜಯನಗರದ ಕಾರಿನ ಆರ್‌ಸಿ ತರಿಸಿ ನೋಡಿದರೆ ನೋಂದಣಿ 2019ರ ಜನವರಿ, ತಯಾರಾದ ತಿಂಗಳು 2018ರ ನವೆಂಬರ್. ಬ್ರೋಕರ್ ಸುಳ್ಳೇನೂ ಹೇಳಲಿಲ್ಲ, ಪೂರ್ತಿ ನಿಜವನ್ನೂ ಹೇಳಲಿಲ್ಲ. ವರ್ಷದ ಕೊನೆಯಲ್ಲಿ ಕಂಪನಿಗಳು ಜಾಸ್ತಿ ಡಿಸ್ಕೌಂಟ್ ಕೊಡೋದು ಇದಕ್ಕೇ. ಡಿಸೆಂಬರಿನಲ್ಲಿ ತಯಾರಾದ ಕಾರು ಜನವರಿಗೆ ಹೋದರೆ ಕಾಗದದಲ್ಲಿ ಒಂದು ವರ್ಷ ಹಳೆಯದು. ಆ ಡಿಸ್ಕೌಂಟ್ ಮೊದಲ ಓನರ್ ತಿಂದಿದ್ದಾರೆ, ನೀವು ಯಾಕೆ ಹೊಸ ವರ್ಷದ ಬೆಲೆ ಕೊಡಬೇಕು? ತಯಾರಾದ ತಿಂಗಳನ್ನೇ ಹಿಡಿಯಿರಿ.

ಕಾರಿನ ಬೆಲೆ ಮೊದಲ ಮೂರು ವರ್ಷ ಜೋರಾಗಿ ಬೀಳುತ್ತದೆ, ಆಮೇಲೆ ನಿಧಾನ. ಏಳನೇ ವರ್ಷದಲ್ಲಿ ಒಂದು ವರ್ಷದ ವ್ಯತ್ಯಾಸ ಅಂದರೆ ಸ್ವಿಫ್ಟಿನಂಥ ಕಾರಿಗೆ ಹದಿನೈದು ಸಾವಿರದ ಸುತ್ತಮುತ್ತ, ಅದಕ್ಕಿಂತ ಬಹಳ ಹೆಚ್ಚಲ್ಲ. ಬದಲಿಗೆ ಮುಂದಿನದನ್ನು ಲೆಕ್ಕ ಹಾಕಿ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ. ಭಾವ ಐದು ವರ್ಷ ಓಡಿಸಿದರೆ ಕಾರಿಗೆ ಹನ್ನೆರಡು ವರ್ಷ, ಆರ್‌ಸಿಯಲ್ಲಿ ಉಳಿಯೋದು ಮೂರು. ಆಗ ಕೊಳ್ಳುವವರು ಆ ಮೂರನ್ನು ಹಿಡಿದೇ ಚೌಕಾಸಿ ಮಾಡುತ್ತಾರೆ.

ಕೆಲವರು ಇನ್ಶೂರೆನ್ಸ್ ಪಾಲಿಸಿ ತೆಗೆದು "ನೋಡಿ ಸಾರ್, ಐಡಿವಿಯೇ 4.80 ಇದೆ" ಅನ್ನುತ್ತಾರೆ. ಐಡಿವಿ ಅಂದರೆ ಕಾರು ಕಳುವಾದರೆ ಕಂಪನಿ ಕೊಡುವ ಮೊತ್ತ. ಅದಕ್ಕೆ ಒಂದು ಪಟ್ಟಿ ಇದೆ: ಒಂದರಿಂದ ಎರಡು ವರ್ಷಕ್ಕೆ 20 ಪರ್ಸೆಂಟ್ ಕಡಿತ, ನಾಲ್ಕರಿಂದ ಐದಕ್ಕೆ 50 ಪರ್ಸೆಂಟ್. ಐದು ವರ್ಷ ದಾಟಿದ ಮೇಲೆ ಪಟ್ಟಿಯೇ ಇಲ್ಲ, ಕಂಪನಿ ಮತ್ತು ಓನರ್ ಒಪ್ಪಿಕೊಂಡಿದ್ದೇ ಐಡಿವಿ. ಸ್ವಲ್ಪ ಪ್ರೀಮಿಯಂ ಜಾಸ್ತಿ ಕಟ್ಟಿದರೆ ಐಡಿವಿ ಏರುತ್ತದೆ. ಏಳು ವರ್ಷದ ಕಾರಿಗೆ ಅದು ಮಾರುಕಟ್ಟೆ ಬೆಲೆಯ ಸಾಕ್ಷಿ ಅಲ್ಲ.

ಓನರ್ ಎಷ್ಟು ಅನ್ನೋದಕ್ಕಿಂತ ಯಾರು

ಮೂರನೇ ಓನರ್ ಅಂದರೆ ಕಾರು ಹಾಳಾಗಿದೆ ಅಂತಲ್ಲ. ಇಂಜಿನ್ನಿಗೆ ಆರ್‌ಸಿಯಲ್ಲಿ ಎಷ್ಟು ಹೆಸರಿದೆ ಅಂತ ಗೊತ್ತಿಲ್ಲ. ಆದರೂ ಬೆಲೆ ಕಡಿಮೆ ಆಗುತ್ತದೆ, ಯಾಕೆಂದರೆ ನೀವು ಕೊಂಡರೆ ನಾಲ್ಕನೇ ಓನರ್, ನೀವು ಮಾರುವಾಗ ಅದು ಐದನೇ ಓನರಿಗೆ ಹೋಗುತ್ತದೆ. ಅಲ್ಲಿ ಕೊಳ್ಳುವವರು ತೀರಾ ಕಡಿಮೆ. ನೀವು ಈಗ ಕಡಿತ ಕೇಳುವುದು ಅವತ್ತಿನ ನಷ್ಟಕ್ಕೆ. ನಾವು ಮೂರನೇ ಓನರಿಗೆ 25 ಸಾವಿರ ಕಡಿತ ಹಾಕಿದೆವು. ಒಬ್ಬರೇ ಓನರ್ ಆದರೆ 8 ಸಾವಿರ ಸೇರಿಸಿದೆವು. ಈ ಅಂಕಿಗಳಿಗೆ ಯಾವ ಪುಸ್ತಕವೂ ಇಲ್ಲ. ಆ ಎಂಟು ಜಾಹೀರಾತುಗಳಲ್ಲೇ ಮೊದಲ ಓನರ್ ಮತ್ತು ಎರಡನೇ ಓನರ್ ಕಾರುಗಳ ನಡುವಿನ ಅಂತರ ನೋಡಿ ಹಾಕಿದ್ದು. ನಿಮ್ಮ ಮಾಡೆಲ್ಲಿಗೆ ನೀವೇ ನೋಡಿಕೊಳ್ಳಿ.

ಉಡುಪಿ ಕಾರಿನ ಕತೆ ಕೇಳಿದರೆ ಸ್ವಲ್ಪ ಬೇರೆ. ಮೊದಲು ತಂದೆಯ ಹೆಸರಲ್ಲಿತ್ತು. ಅವರು ತೀರಿಕೊಂಡ ಮೇಲೆ ಮಗನ ಹೆಸರಿಗೆ ಬಂತು, ಅಲ್ಲಿಗೆ ಎರಡನೇ ಓನರ್. ಮಗ ಮಾರಿದ್ದು ಈಗಿನವರಿಗೆ. ಅಂದರೆ ನಿಜಕ್ಕೂ ಎರಡು ಮನೆ ಮಾತ್ರ. ಓಡಿಸಿದ ಕೈಗಳ ಲೆಕ್ಕದಲ್ಲಿ ಇದನ್ನು ತಪ್ಪು ಅಂತ ಹಿಡಿಯಬಾರದು. ಆದರೆ ಆರ್‌ಸಿಯಲ್ಲಿ ಸೀರಿಯಲ್ ನಂಬರ್ 3 ಅಂತಲೇ ಇದೆ, ಮುಂದೆ ಕೊಳ್ಳುವವರಿಗೆ ಈ ಕತೆ ಬೇಕಿಲ್ಲ. ಹಾಗಾಗಿ ಕಡಿತ ಹಾಗೇ ಇಟ್ಟೆವು.

ಇನ್ನೊಂದು ವಿಷಯ ಇದಕ್ಕಿಂತ ಜಾಸ್ತಿ ಮುಖ್ಯ. ಈಗಿನ ಓನರ್ ಎಷ್ಟು ದಿನ ಇಟ್ಟುಕೊಂಡಿದ್ದರು? ಉಡುಪಿಯವರು ಕೊಂಡು ಏಳು ತಿಂಗಳಾಗಿತ್ತು. ಏಳು ತಿಂಗಳಲ್ಲಿ ಯಾಕೆ ಮಾರ್ತಿದ್ದೀರಿ ಅಂದರೆ "ದೊಡ್ಡ ಗಾಡಿ ತಗೋಬೇಕು" ಅಂದರು. ಇರಬಹುದು. ಆದರೆ ವರ್ಷ ತುಂಬುವ ಮೊದಲೇ ಕೈ ಬದಲಾಗುವ ಕಾರನ್ನು ಮೆಕ್ಯಾನಿಕ್ ಹತ್ತಿರ ಎರಡು ಸಲ ತೋರಿಸಿ.

ಆರ್‌ಸಿ ನೋಡುವಾಗ ಬ್ಯಾಂಕ್ ಸಾಲದ ಕಾಲಂ ಕೂಡ ನೋಡಿ. ಸಾಲ ತೀರಿದ್ದರೂ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಕೊಟ್ಟು ತೆಗೆಸದಿದ್ದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿರುತ್ತದೆ. ಅದು ಬೆಲೆ ಇಳಿಸುವ ಕಾರಣ ಅಲ್ಲ. ತೆಗೆಸುವ ತನಕ ದುಡ್ಡು ಕೊಡದಿರುವ ಕಾರಣ.

ಜಾಬ್ ಕಾರ್ಡಿನ ಕಟ್ಟು

ನನ್ನನ್ನು ಕೇಳಿದರೆ ಸರ್ವಿಸ್ ದಾಖಲೆಗೆ ಬೆಲೆ ಇರೋದು ಕಾರು ಚೆನ್ನಾಗಿ ನೋಡಿಕೊಂಡಿದ್ದಾರೆ ಅನ್ನೋದಕ್ಕೆ ಮಾತ್ರ ಅಲ್ಲ. ಮೀಟರ್ ಹೇಳೋದು ನಿಜವೋ ಅಂತ ಹೇಳೋದು ಅದೊಂದೇ. ವಯಸ್ಸು ಆರ್‌ಸಿಯಲ್ಲಿದೆ, ಓನರ್ ಆರ್‌ಸಿಯಲ್ಲಿದೆ. ಕಿಲೋಮೀಟರ್ ಮಾತ್ರ ಎಲ್ಲೂ ಸರ್ಕಾರಿ ಕಾಗದದಲ್ಲಿಲ್ಲ.

ಮೈಸೂರಿನವರು ಒಂದು ಬಿಸ್ಕತ್ತಿನ ಡಬ್ಬ ತಂದಿಟ್ಟರು. ಒಳಗೆ ರಬ್ಬರ್ ಬ್ಯಾಂಡ್ ಹಾಕಿದ ಜಾಬ್ ಕಾರ್ಡುಗಳು, ಎಲ್ಲಾ ಒಂದೇ ಸರ್ವಿಸ್ ಸೆಂಟರಿನವು. ಪ್ರತಿ ಕಾಗದದ ಮೇಲೂ ತಾರೀಖು, ಕಿಲೋಮೀಟರ್. 10 ಸಾವಿರದಿಂದ 68 ಸಾವಿರದ ತನಕ. ಏಣಿಯ ಮೆಟ್ಟಿಲಿನ ಹಾಗೆ ಏರುತ್ತಾ ಹೋಗಿದೆ. 2020ರಿಂದ 2021ರ ನಡುವೆ ಮೆಟ್ಟಿಲು ಚಿಕ್ಕದು. ಕೊರೊನಾ ಕಾಲ, ಎಲ್ಲರ ಕಾರೂ ನಿಂತಿತ್ತು. ಅಂಥ ಚಿಕ್ಕ ಮೆಟ್ಟಿಲು ಕಂಡರೆ ನನಗೆ ಖುಷಿ. ಸುಳ್ಳು ಪುಸ್ತಕ ಬರೆಯುವವರಿಗೆ ಅದು ನೆನಪಾಗೋದಿಲ್ಲ.

"ಏನಪ್ಪಾ, ಪಂಚರ್ ಬಿಲ್ಲೂ ಇದೆ, ಬೇಕಾ?" ಅಂದರು ಅವರು.

ಪಂಚರ್ ಬಿಲ್ಲು ಬೇಡವಾಗಿತ್ತು. ಟೈರಿನ ಬಿಲ್ಲು ಬೇಕಿತ್ತು, ಅದೂ ಇತ್ತು, 2023ರದು. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2923 ಅಂದರೆ 2023ರ 29ನೇ ವಾರ. ಬಿಲ್ಲಿನ ಜೊತೆ ಹೊಂದಿತು.

ಉಡುಪಿ ಕಾರಿಗೆ ಜಾಬ್ ಕಾರ್ಡ್ 28 ಸಾವಿರದ ತನಕ ಮಾತ್ರ ಇತ್ತು, 2022ರದು. ಆಮೇಲೆ ಹೊರಗೆ ಆಯಿಲ್ ಬದಲಿಸಿದೆವು ಅಂದರು, ಬಿಲ್ಲಿಲ್ಲ. ಹಾಗಿದ್ದರೆ 41 ಸಾವಿರ ನಂಬಬಹುದಾ? ಇಲ್ಲಿ ಟೈರೇ ಸಾಕ್ಷಿ ಹೇಳಿತು. ನಾಲ್ಕೂ ಟೈರಿನ ಮೇಲೆ 1119, ಅಂದರೆ 2019ರ 11ನೇ ವಾರ. ಕಾರು ತಯಾರಾಗಿದ್ದು ಅದರ ಮುಂದಿನ ತಿಂಗಳು. ಅಂದರೆ ಕಂಪನಿಯಿಂದ ಬಂದ ಟೈರುಗಳೇ, ಇನ್ನೂ ಸ್ವಲ್ಪ ಗುಂಡಿ ಉಳಿದಿದೆ. ಎಂಬತ್ತು ಸಾವಿರ ಓಡಿದ್ದರೆ ಅವು ಬೋಳಾಗಿರಬೇಕಿತ್ತು. 41 ಸಾವಿರ ನಂಬಲು ಅಡ್ಡಿಯಿಲ್ಲ. ಆದರೆ ಟೈರಿನ ಬದಿಯಲ್ಲಿ ಸಣ್ಣ ಬಿರುಕು ಬಿದ್ದಿತ್ತು, ವಯಸ್ಸಿನಿಂದ. ಮೀಟರಿಗೆ ಸಾಕ್ಷಿ ಹೇಳಿದ ಟೈರೇ ಖರ್ಚಿನ ಪಟ್ಟಿಗೂ ಸೇರಿತು.

ಇನ್ಶೂರೆನ್ಸ್ ಪಾಲಿಸಿಯಲ್ಲೂ ಒಂದು ಓದು ಇದೆ. ನೋ ಕ್ಲೇಮ್ ಬೋನಸ್ ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ 20 ಪರ್ಸೆಂಟ್, ಆಮೇಲೆ 25, 35, 45, ಐದಕ್ಕೆ 50. ಮೈಸೂರಿನ ಪಾಲಿಸಿಯಲ್ಲಿ 50 ಇತ್ತು. ಐದು ವರ್ಷ ದೊಡ್ಡ ಡಿಕ್ಕಿ ಆಗಿಲ್ಲ ಅನ್ನಲು ಒಳ್ಳೆ ಸುಳಿವು. ಆದರೆ ಪೂರ್ತಿ ನಂಬಬೇಡಿ. ಬೋನಸ್ ಕಾರಿನದಲ್ಲ, ಮನುಷ್ಯನದು. ಹಳೇ ಕಾರಿನ ಬೋನಸ್ ಹೊಸದಕ್ಕೆ ತರಬಹುದು. ಎರಡು ವರ್ಷದ ಕಾರಿನ ಪಾಲಿಸಿಯಲ್ಲಿ 50 ಕಂಡರೆ ಅದು ಬೇರೆ ಕಾರಿನ ಪುಣ್ಯ. ಸೊನ್ನೆ ಕಂಡರೆ ಮಾತ್ರ ಕೇಳಲೇಬೇಕು: ಏನು ಕ್ಲೇಮ್ ಆಯಿತು? ಇಲ್ಲವೇ ಪಾಲಿಸಿ ನಡುವೆ ನಿಂತಿತ್ತಾ?

ಇನ್ನು ಜಯನಗರದ ಕಾರು. ಒಳಗೆ ಕೂತರೆ ಘಮ್ ಅನ್ನುತ್ತಿತ್ತು, ಪಾಲಿಶ್ ಹೊಸದು. ಮೀಟರಿನಲ್ಲಿ 48,212. ಸರ್ವಿಸ್ ಪುಸ್ತಕ "ಮನೆ ಶಿಫ್ಟ್ ಮಾಡುವಾಗ ಕಳೆದುಹೋಯ್ತು." ನಮ್ಮ ಮೆಕ್ಯಾನಿಕ್ ಮಾತಾಡದೆ ಕ್ಲಚ್ ಪೆಡಲಿನ ರಬ್ಬರ್ ಮುಟ್ಟಿದರು. ಒಂದು ಅಂಚು ಸವೆದು ನುಣ್ಣಗಾಗಿತ್ತು. ಆಮೇಲೆ ಡ್ರೈವರ್ ಬಾಗಿಲು ತೆಗೆದು ಕಂಬದ ಬದಿ ನೋಡಿದರು. ಅಲ್ಲೊಂದು ಗ್ಯಾರೇಜಿನ ಸಣ್ಣ ಸ್ಟಿಕ್ಕರ್. ಅರ್ಧ ಕಿತ್ತಿದ್ದರು, ಪೂರ್ತಿ ಬಂದಿರಲಿಲ್ಲ. ಪೆನ್ನಿನಲ್ಲಿ ಬರೆದದ್ದು ಇನ್ನೂ ಕಾಣುತ್ತಿತ್ತು: ಮುಂದಿನ ಸರ್ವಿಸ್ 70,000.

ಬ್ರೋಕರ್ ಅದು ಬೇರೆ ಗಾಡಿಯ ಸ್ಟಿಕ್ಕರ್ ಅಂದರು. ಬಾಗಿಲಿಗೆ ಬೇರೆ ಗಾಡಿಯ ಸ್ಟಿಕ್ಕರ್ ಹೇಗೆ ಬಂತೋ! ಕಾರು ಯಾರ ಹೆಸರಿನಲ್ಲಿತ್ತೋ ಅವರಿಗೆ ಫೋನ್ ಮಾಡಿಸಿ, ಅವರ ಒಪ್ಪಿಗೆ ತಗೊಂಡು, ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ನಂಬರ್ ಕೊಟ್ಟು ಹಿಸ್ಟರಿ ಕೇಳಿದೆವು. ಕೊನೆಯ ಎಂಟ್ರಿ 2022ರ ಫೆಬ್ರವರಿ, 61,340 ಕಿಲೋಮೀಟರ್. ಮೂರು ಮುಕ್ಕಾಲು ವರ್ಷದ ಆಮೇಲೆ ಅದೇ ಕಾರು 48 ಸಾವಿರಕ್ಕೆ ಬಂದಿದೆ.

ಮೀಟರ್ ಕೆಟ್ಟು ಬದಲಿಸಿರುವುದೂ ಉಂಟು, ಅದೇನೂ ಅಪರಾಧ ಅಲ್ಲ. ಆದರೆ ಹಾಗೆ ಬದಲಿಸಿದವರ ಹತ್ತಿರ ಬಿಲ್ಲಿರುತ್ತದೆ, ಹಳೆಯ ಕಿಲೋಮೀಟರ್ ಎಷ್ಟಿತ್ತು ಅಂತ ಅವರೇ ಮೊದಲು ಹೇಳುತ್ತಾರೆ. ಇಲ್ಲಿ ಎರಡೂ ಇರಲಿಲ್ಲ. ಬ್ರೋಕರ್ ತಕ್ಷಣ 4.60ಕ್ಕೆ ಇಳಿದರು. ಭಾವ ನನ್ನ ಮುಖ ನೋಡಿದರು. ಐವತ್ತು ಸಾವಿರ ಒಂದೇ ಉಸಿರಿಗೆ ಇಳಿದಿದೆಯಲ್ಲ! ಆದರೆ ಇದಕ್ಕೆ ಎಷ್ಟು ಕೊಡಬೇಕು ಅಂತ ನಾನು ಹೇಳೋಕೆ ಆಗಲ್ಲ. ನಿಜವಾದ ಕಿಲೋಮೀಟರ್ ತೊಂಬತ್ತಾ, ಲಕ್ಷದ ಇಪ್ಪತ್ತಾ? ಅದು ಗೊತ್ತಿಲ್ಲದೆ ಕೂಡಿಸಿ ಕಳೆಯೋಕೆ ಆಧಾರವೇ ಇಲ್ಲ. ಮೀಟರ್ ತಿರುಗಿಸಿದವರು ಇನ್ನೇನು ಮುಚ್ಚಿಟ್ಟಿದ್ದಾರೋ ಅದೂ ಗೊತ್ತಿಲ್ಲ. ಬಿಟ್ಟು ಬಂದೆವು.

ಉಳಿದ ಎರಡರ ಲೆಕ್ಕ

ಉಡುಪಿ ಕಾರಿನಿಂದ ಶುರು ಮಾಡೋಣ, ಭಾವನ ಆಸೆ ಅದೇ ತಾನೇ. ಬುಡದ ಬೆಲೆ 4.60. ಮೈಸೂರಿನದಕ್ಕಿಂತ ಎಂಟು ಒಂಬತ್ತು ತಿಂಗಳು ಹೊಸದು, 10 ಸಾವಿರ ಸೇರಿಸಿ. ಕಡಿಮೆ ಓಡಿದೆ, ನಂಬಿಕೆಗೂ ಬಂತು, ಇನ್ನೊಂದು 10 ಸಾವಿರ. ಈಗ 4.80 ಆಯಿತು.

ಇನ್ನು ಕಳೆಯೋದು. ನಾಲ್ಕು ಟೈರ್ ಬದಲಿಸಬೇಕು. ಅಳತೆ 165/80 ಆರ್14, ಒಂದಕ್ಕೆ ನಾಲ್ಕೂವರೆ ಸಾವಿರ ಹಿಡಿದರೆ 18 ಸಾವಿರ. ಬ್ಯಾಟರಿ 5 ಸಾವಿರ. ಮೂರು ವರ್ಷದಿಂದ ಸರಿಯಾದ ಸರ್ವಿಸ್ ಇಲ್ಲ. ಬ್ರೇಕ್ ಆಯಿಲ್, ಕೂಲೆಂಟ್, ಫಿಲ್ಟರ್ ಎಲ್ಲಾ ಸೇರಿ 8 ಸಾವಿರ. ಕಡಿಮೆ ಓಡಿದ ಕಾರಿನಲ್ಲಿ ಜನ ಇದನ್ನು ಮರೆಯುತ್ತಾರೆ, ಓಡದಿದ್ದರೂ ಬ್ರೇಕ್ ಆಯಿಲ್ ನೀರು ಹೀರುತ್ತದೆ. ಇನ್ಶೂರೆನ್ಸ್ ಮುಗಿದು ಎರಡು ತಿಂಗಳಾಗಿತ್ತು. ಹೊಸದಾಗಿ ಮಾಡಿಸಲು 13 ಸಾವಿರ ಅಂತ ಏಜೆಂಟ್ ಹೇಳಿದರು. ಮೂರನೇ ಓನರಿಗೆ 25 ಸಾವಿರ. ಒಟ್ಟು 69 ಸಾವಿರ ಹೋಯಿತು. ಉಳಿದದ್ದು 4 ಲಕ್ಷ 11 ಸಾವಿರ.

ಕೇಳ್ತಿರೋದು 4.35. ಮೂರರಲ್ಲಿ ಅಗ್ಗ ಅನ್ನಿಸಿದ ಕಾರು ಲೆಕ್ಕದಲ್ಲಿ 24 ಸಾವಿರ ದುಬಾರಿ. ಇದರಲ್ಲಿ ತುಕ್ಕು ಇನ್ನೂ ಸೇರಿಲ್ಲ. ಕರಾವಳಿಯ ಉಪ್ಪು ಗಾಳಿ, ಏಳು ಮಳೆಗಾಲ. ಮೆಕ್ಯಾನಿಕ್ ಲಿಫ್ಟಿಗೆ ಏರಿಸಿ ತೋರಿಸಿದರು: ಹಿಂದಿನ ಸಸ್ಪೆನ್ಷನ್ ಕೂರುವ ಜಾಗದ ಹತ್ತಿರ, ಬಾಗಿಲ ಕೆಳಗಿನ ಅಂಚಿನ ಒಳಗೆ, ಕೆಂಪು ಪುಡಿ. ಸ್ಕ್ರೂಡ್ರೈವರಿನಿಂದ ತಟ್ಟಿದರೆ ಒಂದು ಕಡೆ ಟಣ್ ಅನ್ನಲಿಲ್ಲ, ಪೊಳ್ಳು ಸದ್ದು ಬಂತು. ಮೇಲ್ಮೈ ತುಕ್ಕಾದರೆ ಉಜ್ಜಿ ಕೋಟಿಂಗ್ ಹಾಕಿಸಬಹುದು, ಕೆಲವು ಸಾವಿರದಲ್ಲಿ ಮುಗಿಯುತ್ತದೆ. ತಗಡೇ ತಿಂದಿದ್ದರೆ ಕತ್ತರಿಸಿ ವೆಲ್ಡಿಂಗ್ ಮಾಡಬೇಕು, ಆ ಖರ್ಚನ್ನು ಬಿಚ್ಚದೆ ಹೇಳೋಕೆ ಆಗಲ್ಲ. ಅದೇ ಕಾರು ಬಯಲುಸೀಮೆಯದಾಗಿದ್ದರೆ 4.10ಕ್ಕೆ ನಾನೇ ತಗೊಳ್ಳಿ ಅನ್ನುತ್ತಿದ್ದೆ.

ಮೈಸೂರಿನ ಕಾರು: ಬುಡದ ಬೆಲೆ 4.60. ಹೆಚ್ಚು ಓಡಿದ್ದಕ್ಕೆ 8 ಸಾವಿರ ಕಳೆಯಿರಿ. ಬರೀ ಎಂಟಾ ಅಂತ ಭಾವ ಕೇಳಿದರು. ಹತ್ತು ಸಾವಿರ ಕಿಲೋಮೀಟರ್ ವ್ಯತ್ಯಾಸ ಒಂದು ವರ್ಷದ ಓಟ, ಅಷ್ಟೇ. ಈ ಇಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ, ಇಷ್ಟು ಕಿಲೋಮೀಟರಿಗೆ ಬದಲಿಸು ಅನ್ನುವ ದೊಡ್ಡ ಖರ್ಚು ಅಲ್ಲಿಲ್ಲ. ಕ್ಲಚ್ ಪೆಡಲ್ ಗಟ್ಟಿಯಾಗಿತ್ತು, ಮೇಲೆ ಬಂದು ಹಿಡಿಯುತ್ತಿತ್ತು, ಅಂದರೆ ಸವೆದಿದೆ. ಅದಕ್ಕೆ 10 ಸಾವಿರ ಕಳೆಯಿರಿ. ಒಬ್ಬರೇ ಓನರ್, 8 ಸೇರಿಸಿ. ದಾಖಲೆ ಪೂರ್ತಿ ಇರೋದಕ್ಕೆ 15 ಸೇರಿಸಿ. ಈ ಹದಿನೈದು ಸಾವಿರ ಯಾಕೆ ಅಂದರೆ, ಮುಂದೆ ಭಾವ ಮಾರುವಾಗ ಆ ಬಿಸ್ಕತ್ತಿನ ಡಬ್ಬವೂ ಕಾರಿನ ಜೊತೆ ಹೋಗುತ್ತದೆ. ಟೈರ್, ಬ್ಯಾಟರಿಗೆ ಸದ್ಯಕ್ಕೆ ಖರ್ಚಿಲ್ಲ. ಒಟ್ಟು 4 ಲಕ್ಷ 65 ಸಾವಿರ.

ಅವರು ಕೇಳಿದ್ದು 4.90. ಅಂತರ 25 ಸಾವಿರ, ಉಡುಪಿಯದಕ್ಕೂ ಹೆಚ್ಚುಕಮ್ಮಿ ಅಷ್ಟೇ ಅಂತರ ಇತ್ತು. ಆದರೆ ಇಲ್ಲಿ ನಮ್ಮ ಲೆಕ್ಕದ ಪ್ರತಿ ಸಾಲಿಗೂ ಕಾಗದ ಇದೆ. ಅಲ್ಲಿ ತುಕ್ಕಿನ ಮುಂದೆ ಒಂದು ಖಾಲಿ ಜಾಗ.

ಮಾತಿಗೆ ಕೂತಾಗ ನಾವು ಕಾರಿನಲ್ಲಿ ಕುಂದು ಹುಡುಕಲಿಲ್ಲ. ವರ್ಷಗಟ್ಟಲೆ ಮಗುವಿನ ಹಾಗೆ ನೋಡಿಕೊಂಡವರ ಮುಂದೆ ಅದು ನಡೆಯೋದೂ ಇಲ್ಲ. ಎಂಟು ಜಾಹೀರಾತಿನ ಪಟ್ಟಿ ತೋರಿಸಿದೆವು, ಕ್ಲಚ್ ಮಾತ್ರ ಹೇಳಿದೆವು. ಅವರು ತಾವೇ ಒಂದು ಸುತ್ತು ಓಡಿಸಿ ಬಂದು "ಹೌದು, ಸ್ವಲ್ಪ ಮೇಲೆ ಹಿಡಿಯುತ್ತೆ" ಅಂದರು. 4.80 ಅಂದರು, ನಾವು 4.60 ಅಂದೆವು. 4 ಲಕ್ಷ 70 ಸಾವಿರಕ್ಕೆ ನಿಂತಿತು. ಲೆಕ್ಕಕ್ಕಿಂತ ಐದು ಸಾವಿರ ಜಾಸ್ತಿ. ಹೆಚ್ಚೆಂದರೆ 4.70 ಅಂತ ಹೋಗುವ ಮೊದಲೇ ಒಂದು ಚೀಟಿಯಲ್ಲಿ ಬರೆದು ಭಾವನ ಜೇಬಿಗೆ ಹಾಕಿದ್ದೆ.

ಟೋಕನ್ ಹತ್ತು ಸಾವಿರ ಕೊಟ್ಟು ರಸೀದಿ ತಗೊಂಡೆವು. ಟ್ರಾಫಿಕ್ ಫೈನ್ ಬಾಕಿ ಇದೆಯಾ ಅಂತ ನಂಬರ್ ಹಾಕಿ ನೋಡಿದರೆ ಸಿಗ್ನಲ್ ದಾಟಿದ್ದು ಒಂದು ಇತ್ತು. ಅವರಿಗೇ ಆಶ್ಚರ್ಯ, ತಕ್ಷಣ ಕಟ್ಟಿದರು. ಹೆಸರು ಬದಲಾವಣೆಯ ಫಾರಂ 29, 30ಕ್ಕೆ ಇಬ್ಬರೂ ಸಹಿ ಹಾಕಿದ ದಿನವೇ ಉಳಿದ ದುಡ್ಡು.

ಕೊನೆಗೂ ಒಂದು ಖರ್ಚು ನಮ್ಮ ಲೆಕ್ಕದಲ್ಲಿ ಬಿಟ್ಟುಹೋಗಿತ್ತು. ಕಾರು ಕೊಂಡ 14 ದಿನದೊಳಗೆ ಇನ್ಶೂರೆನ್ಸನ್ನು ಹೆಸರಿಗೆ ಮಾಡಿಸಲು ಅರ್ಜಿ ಹಾಕಬೇಕು. ಹಾಕಿದಾಗ ಆ 50 ಪರ್ಸೆಂಟ್ ಬೋನಸ್ ಹಳೇ ಓನರ್ ಜೊತೆಗೇ ಹೋಗುತ್ತದೆ. ಪಾಲಿಸಿಯಲ್ಲಿ ಉಳಿದ ತಿಂಗಳುಗಳಿಗೆ ಆ ರಿಯಾಯಿತಿಯಷ್ಟು ದುಡ್ಡನ್ನು ಕೊಂಡವರು ಕಟ್ಟಬೇಕು. ಏಳು ತಿಂಗಳಿಗೆ ಭಾವ ಎರಡು ಸಾವಿರದ ಚಿಲ್ಲರೆ ಕಟ್ಟಿದರು, ನನ್ನನ್ನು ಬೈದುಕೊಂಡು. ಮುಂದಿನ ಸಲ ಅದೂ ಚೀಟಿಯಲ್ಲಿರುತ್ತದೆ.